ಪ್ರೊಸೆಸ್, ಥ್ರೆಡ್ ಮತ್ತು ಸ್ಮೃತಿಯ ಹಂಚಿಕೆ: ವಿದ್ಯಾರ್ಥಿಯ ಉತ್ತರವೊಂದರ ಪರಿಶೀಲನೆ

ಗಣಕ ವಿಜ್ಞಾನದ ಪದವಿ ತರಗತಿಗಳಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಕುರಿತ ಪತ್ರಿಕೆಯಲ್ಲಿ ಪ್ರೊಸೆಸ್ ಮತ್ತು ಥ್ರೆಡ್‌ಗಳ ವ್ಯತ್ಯಾಸವನ್ನು ಕೇಳುವ ಪ್ರಶ್ನೆ ತಪ್ಪುವುದು ಅಪರೂಪ. ಉತ್ತರವೂ ಬಹುಮಟ್ಟಿಗೆ ಒಂದೇ ಅಚ್ಚಿನದು. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಪ್ರೊಸೆಸ್ಸಿನ ಲಕ್ಷಣಗಳನ್ನೂ ಬಲಕ್ಕೆ ಥ್ರೆಡ್ಡಿನ ಲಕ್ಷಣಗಳನ್ನೂ ಬರೆಯುವುದು ವಾಡಿಕೆ. ಸಾಲುಗಳನ್ನು ಎಣಿಸಿ ಅಂಕ ಕೊಡುವುದು ಪರೀಕ್ಷಕನಿಗೂ ಸುಲಭ. ಆದರೆ ಬರೆದವನಿಗೆ ವಿಷಯ ತಿಳಿದಿದೆಯೋ ಇಲ್ಲವೋ ಎಂಬುದು ಇಂತಹ ಕೋಷ್ಟಕದಿಂದ ಹೊರಬೀಳುವುದಿಲ್ಲ. ಅದೇ ವಿದ್ಯಾರ್ಥಿಗೆ ಗೆರೆಯಿಲ್ಲದೆ, ಕೂಡಿದ ವಾಕ್ಯಗಳಲ್ಲಿ ಉತ್ತರ ಬರೆಯಲು ಹೇಳಿದರೆ ‘ಆದ್ದರಿಂದ’, ‘ಇರುವುದರಿಂದ’ ಎಂಬ ಪದಗಳು ಬಂದೇ ಬರುತ್ತವೆ. ತಿಳಿವಳಿಕೆಯ ಬಿರುಕು ಕಾಣುವುದು ಆ ಪದಗಳ ಬಳಿಯಲ್ಲಿ.

ಅಂತಹ ಒಂದು ಉತ್ತರವನ್ನು ಇಲ್ಲಿ ವಾಕ್ಯಶಃ ಪರಿಶೀಲಿಸಲಾಗಿದೆ. ಇದು ಒಬ್ಬ ನಿರ್ದಿಷ್ಟ ವಿದ್ಯಾರ್ಥಿಯ ಬರಹವಲ್ಲ. ತರಗತಿಗಳಲ್ಲಿ ಮರಳಿ ಮರಳಿ ಎದುರಾಗುವ ವಿವರಣೆಯನ್ನು ಒಂದೆಡೆ ತಂದ ರೂಪ. ಪರಿಶೀಲನೆಗೆ ಲಿನಕ್ಸ್ ವ್ಯವಸ್ಥೆಯನ್ನೂ ಸಿ ಭಾಷೆಯನ್ನೂ ಆರಿಸಿಕೊಂಡಿದ್ದೇವೆ. ಇಲ್ಲಿ ಹೇಳುವ ಪ್ರತಿಯೊಂದು ಮಾತನ್ನೂ ಹತ್ತಿಪ್ಪತ್ತು ಸಾಲುಗಳ ಪ್ರೋಗ್ರಾಮಿನಿಂದ ಯಾರಾದರೂ ಒರೆಗೆ ಹಚ್ಚಿ ನೋಡಬಹುದೆಂಬುದೇ ಇದಕ್ಕೆ ಕಾರಣ. ಉತ್ತರ ಹೀಗಿದೆ:

“ಓಡುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎಂದು ಹೆಸರು. ಪ್ರೊಸೆಸ್ಸಿನೊಳಗೆ ಓಡುವ ಚಿಕ್ಕ ಪ್ರೊಸೆಸ್ಸೇ ಥ್ರೆಡ್. ಪ್ರತಿ ಪ್ರೊಸೆಸ್ಸಿಗೂ ತನ್ನದೇ ಸ್ಮೃತಿ ಇರುವುದರಿಂದ ಎರಡು ಪ್ರೊಸೆಸ್‌ಗಳು ಸ್ಮೃತಿಯನ್ನು ಹಂಚಿಕೊಳ್ಳಲಾರವು. ಒಂದೇ ಪ್ರೊಸೆಸ್ಸಿನ ಥ್ರೆಡ್‌ಗಳು ಗ್ಲೋಬಲ್ ಚರಗಳನ್ನೂ ಹೀಪನ್ನೂ ಹಂಚಿಕೊಳ್ಳುತ್ತವೆ. ಪ್ರತಿ ಥ್ರೆಡ್ಡಿಗೂ ತನ್ನದೇ ಸ್ಟ್ಯಾಕ್ ಇರುವುದರಿಂದ ಒಂದು ಥ್ರೆಡ್ಡಿನ ಲೋಕಲ್ ಚರಗಳನ್ನು ಇನ್ನೊಂದು ಥ್ರೆಡ್ ಮುಟ್ಟಲಾರದು.”

ಐದು ವಾಕ್ಯಗಳಲ್ಲಿ ನಾಲ್ಕನೆಯದು ಮಾತ್ರ ನಿಂತಂತೆಯೇ ನಿಲ್ಲುತ್ತದೆ. ಮೊದಲನೆಯದು ತಪ್ಪಲ್ಲ, ಆದರೆ ಸಾಲದು: ಒಂದೇ ಪ್ರೋಗ್ರಾಮನ್ನು ಮೂರು ಬಾರಿ ಓಡಿಸಿದರೆ ಮೂರು ಪ್ರೊಸೆಸ್‌ಗಳಾಗುತ್ತವೆಂಬುದು ಆ ವಾಕ್ಯದಿಂದ ತಿಳಿಯುವುದಿಲ್ಲ. ಎರಡನೆಯದು ಒಂದು ತಪ್ಪು ಚಿತ್ರವನ್ನು ಮನಸ್ಸಿನಲ್ಲಿ ನಿಲ್ಲಿಸುತ್ತದೆ. ಮೂರನೆಯ ಮತ್ತು ಐದನೆಯ ವಾಕ್ಯಗಳು ಹೆಚ್ಚು ಕುತೂಹಲದವು. ಎರಡರ ಕಟ್ಟಡವೂ ಒಂದೇ. ‘ತನ್ನದೇ ಇರುವುದರಿಂದ’ ಎಂದು ಮೊದಲಾಗಿ ‘ಲಾರದು’ ಎಂದು ಮುಗಿಯುತ್ತವೆ. ಎರಡರಲ್ಲೂ ಪೂರ್ವಾರ್ಧ ಸರಿ, ಉತ್ತರಾರ್ಧ ತಪ್ಪು. ಆದರೆ ಎರಡೂ ತಪ್ಪಾಗುವ ಕಾರಣ ಒಂದೇ ಅಲ್ಲ. ‘ತನ್ನದೇ’ ಎಂಬ ಒಂದು ಪದ ಇಲ್ಲಿ ಎರಡು ಬಗೆಯ ಒಡೆತನವನ್ನು ಹೇಳುತ್ತಿದೆಯೆಂಬುದನ್ನು ಬರೆದವನು ಗಮನಿಸಿಲ್ಲ.

ಇದಕ್ಕೆ ಕನ್ನಡದ ಒಂದು ತೊಡಕೂ ಸೇರಿಕೊಂಡಿರುವಂತೆ ತೋರುತ್ತದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು ಎಂದರೆ ಹೊಲವನ್ನು ಪಾಲುಮಾಡಿ, ಬದು ಹಾಕಿ, ಅವರವರ ಭಾಗವನ್ನು ಅವರವರು ತೆಗೆದುಕೊಂಡರೆಂದು ಅರ್ಥ. ಥ್ರೆಡ್‌ಗಳು ಹೀಪನ್ನು ‘ಹಂಚಿಕೊಳ್ಳುತ್ತವೆ’ ಎನ್ನುವಾಗ ನಾವು ಹೇಳಬೇಕಾಗಿರುವುದು ಅದಕ್ಕೆ ನೇರ ವಿರುದ್ಧವಾದದ್ದು: ಪಾಲಾಗದೆ ಉಳಿದ, ಎಲ್ಲರೂ ಎಲ್ಲ ಭಾಗಕ್ಕೂ ಕೈಹಾಕಬಹುದಾದ ಅವಿಭಕ್ತ ಸ್ವತ್ತು. ಆದ್ದರಿಂದ ಉತ್ತರವನ್ನು ತಿದ್ದುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಹಂಚಿಕೊಳ್ಳುವುದೆಂದರೆ ನೀನು ಏನನ್ನು ಹೇಳುತ್ತಿರುವೆ?’ ಎಂಬುದು. ಈ ಲೇಖನದಲ್ಲಿ ಆ ಪದವನ್ನು ಅವಿಭಕ್ತ ಸ್ವತ್ತಿನ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

ಎರಡನೆಯ ವಾಕ್ಯವನ್ನು ಬೇಗ ಮುಗಿಸಬಹುದು. ಪ್ರೊಸೆಸ್ ಎಂಬುದಕ್ಕೆ ‘ಪ್ರಕ್ರಿಯೆ’ ಎಂಬ ಪಾರಿಭಾಷಿಕ ಪದ ನಮ್ಮಲ್ಲಿ ಬಳಕೆಗೆ ಬಂದಿದೆ. ಪ್ರಕ್ರಿಯೆಯೆಂದರೆ ನಡೆಯುವಂಥದ್ದು. ಆದರೆ ಗಣಕದಲ್ಲಿ ನಡೆಯುವುದು ಥ್ರೆಡ್ಡೇ ಹೊರತು ಪ್ರೊಸೆಸ್ಸಲ್ಲ. ಪ್ರೊಸೆಸ್ ಒಂದು ಆವರಣ: ಒಂದು ವಿಳಾಸಾವಕಾಶ, ತೆರೆದಿರುವ ಕಡತಗಳ ಪಟ್ಟಿ, ಒಂದು ಗುರುತಿನ ಸಂಖ್ಯೆ ಮುಂತಾದವುಗಳ ಕೂಟ. ಆ ಆವರಣದೊಳಗೆ ಆದೇಶಗಳನ್ನು ಒಂದಾದಮೇಲೊಂದರಂತೆ ನಡೆಸುವ ಸರಣಿಯೇ ಥ್ರೆಡ್. ಪ್ರೊಸೆಸ್ ಹುಟ್ಟುವಾಗಲೇ ಅದರಲ್ಲಿ ಒಂದು ಥ್ರೆಡ್ ಇರುತ್ತದೆ. Main ಕಾರ್ಯವನ್ನು ನಡೆಸುವುದು ಅದೇ. ಎರಡನೆಯ ಥ್ರೆಡ್ಡನ್ನು ಸೃಷ್ಟಿಸಿದಾಗ ಅದು ಮೊದಲನೆಯದಕ್ಕೆ ಓರಗೆಯದಾಗುತ್ತದೆಯೇ ಹೊರತು ಅದರೊಳಗಿನ ಚಿಕ್ಕದಾಗುವುದಿಲ್ಲ. ‘ಎಳೆ’ ಎಂಬ ಕನ್ನಡ ಪದ ಈ ಮಟ್ಟಿಗೆ ‘ಪ್ರಕ್ರಿಯೆ’ಗಿಂತ ಹೆಚ್ಚು ಹೊಂದುತ್ತದೆ.

ಆದರೂ ‘ಚಿಕ್ಕ ಪ್ರೊಸೆಸ್’ ಎಂಬ ಮಾತು ವಿದ್ಯಾರ್ಥಿಯ ಕಲ್ಪನೆಯಲ್ಲಿ ಹುಟ್ಟಿದ್ದಲ್ಲ. ಲಿನಕ್ಸಿನ ಕರ್ನೆಲ್ ಪ್ರೊಸೆಸ್ಸನ್ನೂ ಥ್ರೆಡ್ಡನ್ನೂ ಮೂಲತಃ ಒಂದೇ ಬಗೆಯ ದಾಖಲೆಯಲ್ಲಿ, ಅಂದರೆ `task_struct` ಎಂಬ ರಚನೆಯಲ್ಲಿ ಇಡುತ್ತದೆ. ಎರಡನ್ನೂ ಸೃಷ್ಟಿಸಬಲ್ಲ ಕರೆ `clone`. ಅದಕ್ಕೆ `CLONE_VM` ಎಂಬ ಸೂಚನೆಯನ್ನು ಕೊಟ್ಟರೆ ಹೊಸದು ಹಳೆಯದರ ವಿಳಾಸಾವಕಾಶದಲ್ಲೇ ಓಡುತ್ತದೆ. ಕೊಡದಿದ್ದರೆ ಪ್ರತಿಯೊಂದನ್ನು ಪಡೆಯುತ್ತದೆ. 2003ರ ಡಿಸೆಂಬರಿನಲ್ಲಿ 2.6ನೆಯ ಕರ್ನೆಲ್ ಬರುವವರೆಗೆ ಬಳಕೆಯಲ್ಲಿದ್ದ ಲಿನಕ್ಸ್‌ಥ್ರೆಡ್ಸ್ ಗ್ರಂಥಾಲಯದಲ್ಲಿ ಪ್ರತಿ ಥ್ರೆಡ್ಡಿಗೂ ಬೇರೆ ಬೇರೆ ಪ್ರೊಸೆಸ್ ಸಂಖ್ಯೆಯೇ ದೊರೆಯುತ್ತಿತ್ತು. ಅಂದಿನ ಪುಸ್ತಕಗಳಲ್ಲಿ ಕಲಿತವರಿಗೆ ಥ್ರೆಡ್ ಒಂದು ಬಗೆಯ ಪ್ರೊಸೆಸ್ಸೆಂದೇ ಕಂಡಿದ್ದರೆ ಆಶ್ಚರ್ಯವಿಲ್ಲ. ಇಂದು ಒಂದೇ ಪ್ರೊಸೆಸ್ಸಿನ ಎಲ್ಲ ಥ್ರೆಡ್‌ಗಳೂ `getpid` ಕರೆಗೆ ಒಂದೇ ಸಂಖ್ಯೆಯನ್ನು ಪಡೆಯುತ್ತವೆ. ಅವುಗಳ ಬೇರೆ ಬೇರೆ ಸಂಖ್ಯೆಗಳನ್ನು ನೋಡಬೇಕಾದರೆ `ps -eLf` ಎಂಬ ಆದೇಶದ ಫಲಿತದಲ್ಲಿ `LWP` ಎಂಬ ಅಂಕಣವನ್ನು ಓದಬೇಕು.

ಇನ್ನು ಮೂರನೆಯ ವಾಕ್ಯಕ್ಕೆ ಬರೋಣ. ‘ತನ್ನದೇ ಸ್ಮೃತಿ’ ಎಂಬ ಮಾತಿನ ಅರ್ಥ ವಿದ್ಯಾರ್ಥಿಗೆ ಗೊತ್ತಿದೆಯೇ ಎಂದು ನೋಡಲು ಕೆಳಗಿನ ಪ್ರೋಗ್ರಾಮನ್ನು ಓಡಿಸುವ ಮೊದಲೇ ಅವನ ಕೈಗೆ ಕೊಟ್ಟು, ಏನು ಮುದ್ರಣವಾಗುವುದೆಂದು ಬರೆಯಿಸಬೇಕು. ಓಡಿಸಿದ ಮೇಲೆ ಕೇಳಿದರೆ ಯಾವ ಫಲಿತಕ್ಕಾದರೂ ಒಂದು ವಿವರಣೆ ಹೊಂದಿಸಬಹುದು. ಮೊದಲೇ ಬರೆಯಿಸಿದರೆ ಆ ಅವಕಾಶ ಇರುವುದಿಲ್ಲ.

```c
#include <stdio.h>
#include <sys/wait.h>
#include <unistd.h>

int n = 7;

int main(void) {
    if (fork() == 0) {
        n = 42;
        printf("child  %p %d\n", (void *)&n, n);
        return 0;
    }
    wait(NULL);
    printf("parent %p %d\n", (void *)&n, n);
    return 0;
}
```

`fork` ಕರೆಯಿಂದ ಒಂದು ಮರಿ ಪ್ರೊಸೆಸ್ ಹುಟ್ಟುತ್ತದೆ. ಅದು n ಎಂಬ ಚರದಲ್ಲಿ 42 ಎಂದು ಬರೆದು, ಆ ಚರದ ವಿಳಾಸವನ್ನೂ ಬೆಲೆಯನ್ನೂ ಮುದ್ರಿಸಿ ಮುಗಿಯುತ್ತದೆ. ತಾಯಿ ಪ್ರೊಸೆಸ್ ಅದು ಮುಗಿಯುವವರೆಗೆ ಕಾದು, ಬಳಿಕ ತನ್ನ n ಚರದ ವಿಳಾಸವನ್ನೂ ಬೆಲೆಯನ್ನೂ ಮುದ್ರಿಸುತ್ತದೆ. ಫಲಿತ ಈ ರೂಪದ್ದು:

```
child  0x55d0c8a4f010 42
parent 0x55d0c8a4f010 7
```

ವಿಳಾಸದ ಅಂಕಿಗಳು ಒಂದೊಂದು ಓಟದಲ್ಲಿ ಒಂದೊಂದು ಬಗೆಯಾಗಿರುತ್ತವೆ. ಆದರೆ ಒಂದೇ ಓಟದ ಎರಡು ಸಾಲುಗಳಲ್ಲಿ ಅವು ಒಂದೇ ಆಗಿರುತ್ತವೆ. ವಿಳಾಸ ಒಂದೇ, ಬೆಲೆ ಎರಡು. ‘ಪ್ರತಿ ಪ್ರೊಸೆಸ್ಸಿಗೂ ತನ್ನದೇ ಸ್ಮೃತಿ’ ಎಂದು ಬರೆದವರಲ್ಲಿ ಹಲವರು ವಿಳಾಸಗಳು ಬೇರೆ ಬೇರೆ ಇರುತ್ತವೆಂದು ಊಹಿಸುತ್ತಾರೆ. ವಿಳಾಸ ಒಂದೇ ಎಂದು ಕಂಡಾಗ ಅವರಲ್ಲಿ ಕೆಲವರು ಹಾಗಾದರೆ ಸ್ಮೃತಿಯೂ ಒಂದೇ ಇರಬೇಕೆಂದು ಮಾತು ಬದಲಿಸುತ್ತಾರೆ. ಬೆಲೆ 7 ಎಂದು ಉಳಿದದ್ದು ಆಗ ಒಗಟಾಗುತ್ತದೆ. ಪ್ರೋಗ್ರಾಮು ಕಾಣುವ ವಿಳಾಸ ಭೌತಿಕ ಸ್ಮೃತಿಯ ವಿಳಾಸವಲ್ಲ, ಅದು ಪ್ರೊಸೆಸ್ಸಿನ ಸ್ವಂತ ಲೆಕ್ಕದ ಸಂಖ್ಯೆ ಎಂಬುದು ಮನವರಿಕೆಯಾಗದೆ ಈ ಒಗಟು ಬಿಡುವುದಿಲ್ಲ. ಎರಡು ಊರುಗಳಲ್ಲಿ ‘ಮೂರನೆಯ ಅಡ್ಡರಸ್ತೆ, ಹತ್ತನೆಯ ಮನೆ’ ಇರಬಹುದು. ಊರಿನ ಹೆಸರಿಲ್ಲದೆ ಆ ವಿಳಾಸದಿಂದ ಮನೆ ಸಿಗುವುದಿಲ್ಲ. ಇಲ್ಲಿ ಊರಿನ ಸ್ಥಾನದಲ್ಲಿರುವುದು ಪುಟಕೋಷ್ಟಕ. ಪ್ರತಿ ಪ್ರೊಸೆಸ್ಸಿಗೂ ಕರ್ನೆಲ್ ಒಂದು ಪುಟಕೋಷ್ಟಕವನ್ನು ಇಟ್ಟಿರುತ್ತದೆ. ಸಂಸ್ಕಾರಕವು ಪ್ರತಿ ಬಾರಿ ಸ್ಮೃತಿಯನ್ನು ಮುಟ್ಟುವಾಗಲೂ ಆ ಕೋಷ್ಟಕದ ಮೂಲಕವೇ ಭೌತಿಕ ಸ್ಥಾನವನ್ನು ಕಂಡುಕೊಳ್ಳುತ್ತದೆ. ಕೋಷ್ಟಕದಲ್ಲಿ ಇಲ್ಲದ ಸ್ಥಾನವನ್ನು ಹೆಸರಿಸುವ ದಾರಿಯೇ ಪ್ರೊಸೆಸ್ಸಿಗೆ ಇಲ್ಲ. ಪ್ರೊಸೆಸ್ಸಿನ ‘ತನ್ನದೇ’ ಎಂಬುದಕ್ಕೆ ಯಂತ್ರಾಂಶದ ಕಾವಲಿದೆ.

ಈ ಕಾವಲನ್ನು ಅರಿತವನು ಮುಂದಿನ ಪ್ರಶ್ನೆಗೆ ಸಿದ್ಧನಾಗುತ್ತಾನೆ: `fork` ನಡೆದ ಕ್ಷಣದಲ್ಲೇ ತಾಯಿಯ ಸ್ಮೃತಿಯೆಲ್ಲ ನಕಲಾಗುತ್ತದೆಯೇ? ಇಲ್ಲ. ಕರ್ನೆಲ್ ನಕಲು ಮಾಡುವುದು ಪುಟಕೋಷ್ಟಕದ ನಮೂದುಗಳನ್ನು ಮಾತ್ರ. ತಾಯಿ, ಮರಿ ಎರಡರ ಕೋಷ್ಟಕಗಳೂ ಅವೇ ಭೌತಿಕ ಪುಟಗಳತ್ತ ಬೆರಳು ತೋರುತ್ತವೆ, ಮತ್ತು ಬರೆಯಬಹುದಾಗಿದ್ದ ಪುಟಗಳನ್ನು ಎರಡರಲ್ಲೂ ‘ಓದಲು ಮಾತ್ರ’ ಎಂದು ಗುರುತಿಸಲಾಗುತ್ತದೆ. ಮರಿಯು n = 42 ಎಂದು ಬರೆಯಹೋದಾಗ ಸಂಸ್ಕಾರಕವು ಅದನ್ನು ತಡೆದು ಕರ್ನೆಲ್ಲಿಗೆ ಒಪ್ಪಿಸುತ್ತದೆ. ಕರ್ನೆಲ್ ಆ ಒಂದು ಪುಟವನ್ನು, ಸಾಮಾನ್ಯ ಗಣಕಗಳಲ್ಲಿ 4096 ಬೈಟುಗಳನ್ನು, ಬೇರೆಡೆ ನಕಲು ಮಾಡಿ, ಮರಿಯ ಕೋಷ್ಟಕವನ್ನು ಹೊಸ ಪುಟದತ್ತ ತಿರುಗಿಸಿ, ಬರೆಯಲು ಬಿಡುತ್ತದೆ. n ಚರ ನಾಲ್ಕೇ ಬೈಟಿನದಾದರೂ ನಕಲಾಗುವುದು ಇಡೀ ಪುಟ. ಯಾರೂ ಬರೆಯದ ಪುಟಗಳು ಕೊನೆಯವರೆಗೂ ಒಂದೇ ಆಗಿ ಉಳಿಯುತ್ತವೆ.

ಅಂದಮೇಲೆ ಎರಡು ಪ್ರೊಸೆಸ್‌ಗಳು ಸ್ಮೃತಿಯನ್ನು ಹಂಚಿಕೊಳ್ಳಲಾರವು ಎಂಬ ಮಾತು ಭೌತಿಕ ಸ್ಮೃತಿಯ ಮಟ್ಟದಲ್ಲಿ ದಿನನಿತ್ಯವೂ ಸುಳ್ಳಾಗುತ್ತಿದೆ. ಸಿ ಗ್ರಂಥಾಲಯದ ಆದೇಶಗಳಿರುವ ಪುಟಗಳನ್ನು ಯಂತ್ರದಲ್ಲಿ ಓಡುತ್ತಿರುವ ಹೆಚ್ಚಿನ ಪ್ರೊಸೆಸ್‌ಗಳು ಒಟ್ಟಿಗೆ ಬಳಸುತ್ತಿರುತ್ತವೆ. ಆದರೆ ಅಲ್ಲಿ ಯಾರೂ ಬರೆಯುವುದಿಲ್ಲವಾದ್ದರಿಂದ ಆ ಹಂಚಿಕೆ ಪ್ರೋಗ್ರಾಮಿಗೆ ಕಾಣುವುದಿಲ್ಲ. ಕಾಣುವ ಹಂಚಿಕೆಯೂ ಸಾಧ್ಯವೆಂಬುದನ್ನು ತೋರಿಸಲು ಮೇಲಿನ ಪ್ರೋಗ್ರಾಮಿನಲ್ಲಿ ಗ್ಲೋಬಲ್ n ಬದಲಿಗೆ, `sys/mman.h` ಸೇರಿಸಿ, `fork` ಕರೆಗೆ ಮೊದಲು ಈ ಸಾಲನ್ನು ಇಟ್ಟರೆ ಸಾಕು:

```c
int *n = mmap(NULL, sizeof *n, PROT_READ | PROT_WRITE,
              MAP_SHARED | MAP_ANONYMOUS, -1, 0);
```

ಬಳಿಕ ಮರಿಯು `*n = 42` ಎಂದು ಬರೆದರೆ ತಾಯಿಯೂ 42 ಎಂದೇ ಮುದ್ರಿಸುತ್ತದೆ. ಆದ್ದರಿಂದ ಮೂರನೆಯ ವಾಕ್ಯದ ‘ಹಂಚಿಕೊಳ್ಳಲಾರವು’ ಎಂಬುದನ್ನು ‘ಕೇಳಿಕೊಳ್ಳದ ಹೊರತು ಹಂಚಿಕೊಳ್ಳುವುದಿಲ್ಲ’ ಎಂದು ತಿದ್ದಬೇಕು. ಪ್ರೊಸೆಸ್‌ಗಳಲ್ಲಿ ಬೇರ್ಪಡಿಕೆ ಸಹಜಸ್ಥಿತಿ; ಹಂಚಿಕೆಗೆ ಪ್ರೋಗ್ರಾಮು ಬರೆಯುವವನ ಸ್ಪಷ್ಟ ಕೋರಿಕೆ ಬೇಕು.

ಐದನೆಯ ವಾಕ್ಯದಲ್ಲಿ ಪರಿಸ್ಥಿತಿ ತಿರುವುಮುರುವಾಗಿದೆ. ಇಲ್ಲಿ ಹಂಚಿಕೆಯೇ ಸಹಜಸ್ಥಿತಿ. ಬೇರ್ಪಡಿಕೆ ಕೇವಲ ಶಿಸ್ತು. ಪರೀಕ್ಷೆಗೆ ಈ ಪ್ರೋಗ್ರಾಮು ಸಾಕು:

```c
#include <pthread.h>
#include <stdio.h>

void *work(void *p) {
    *(int *)p = 42;
    return NULL;
}

int main(void) {
    int n = 7;
    pthread_t t;
    pthread_create(&t, NULL, work, &n);
    pthread_join(t, NULL);
    printf("%d\n", n);
    return 0;
}
```

ಇದನ್ನು `gcc -pthread` ಎಂದು ಕಂಪೈಲ್ ಮಾಡಿ ಓಡಿಸಿದರೆ 42 ಎಂದು ಮುದ್ರಣವಾಗುತ್ತದೆ. n ಎಂಬುದು main ಕಾರ್ಯದ ಲೋಕಲ್ ಚರ. ಮೊದಲನೆಯ ಥ್ರೆಡ್ಡಿನ ಸ್ಟ್ಯಾಕಿನ ಮೇಲಿದೆ. ಅದನ್ನು ಬದಲಿಸಿದ್ದು ಎರಡನೆಯ ಥ್ರೆಡ್. ‘ಮುಟ್ಟಲಾರದು’ ಎಂದು ಬರೆದ ವಿದ್ಯಾರ್ಥಿ 7 ಎಂದು ಊಹಿಸಬೇಕು, ಊಹಿಸುವುದೂ ಉಂಟು.

ಹಾಗಾದರೆ ‘ಪ್ರತಿ ಥ್ರೆಡ್ಡಿಗೂ ತನ್ನದೇ ಸ್ಟ್ಯಾಕ್’ ಎಂಬ ಪುಸ್ತಕವಾಕ್ಯಕ್ಕೆ ಅರ್ಥವಿಲ್ಲವೇ? ಇದೆ. ಥ್ರೆಡ್ಡಿಗೆ ನಿಜವಾಗಿ ಸ್ವಂತವಾದದ್ದು ಸಂಸ್ಕಾರಕದ ರಿಜಿಸ್ಟರುಗಳ ಬೆಲೆಗಳು. ಮುಂದೆ ನಡೆಸಬೇಕಾದ ಆದೇಶದ ಸ್ಥಾನ ಅವುಗಳಲ್ಲೊಂದು, ಸ್ಟ್ಯಾಕಿನ ತುದಿಯನ್ನು ತೋರುವ ಸೂಚಕ ಇನ್ನೊಂದು. ಸಂಸ್ಕಾರಕವು ಒಂದು ಥ್ರೆಡ್ಡನ್ನು ಬಿಟ್ಟು ಮತ್ತೊಂದಕ್ಕೆ ಹೋಗುವಾಗ ಈ ಬೆಲೆಗಳನ್ನು ಎತ್ತಿಟ್ಟು ಬೇರೆಯವನ್ನು ತುಂಬಲಾಗುತ್ತದೆ. ಎರಡು ಥ್ರೆಡ್‌ಗಳ ಸ್ಟ್ಯಾಕ್ ಸೂಚಕಗಳು ಬೇರೆ ಬೇರೆ ಪ್ರದೇಶಗಳನ್ನು ತೋರುವುದರಿಂದ ಅವುಗಳ ಕಾರ್ಯಕರೆಗಳು ಒಂದರ ಮೇಲೊಂದು ಬೀಳುವುದಿಲ್ಲ. ಆದರೆ ಆ ಎರಡು ಪ್ರದೇಶಗಳೂ ಒಂದೇ ವಿಳಾಸಾವಕಾಶದಲ್ಲಿ, ಒಂದೇ ಪುಟಕೋಷ್ಟಕದಡಿಯಲ್ಲಿ ಇವೆ. ಕಾವಲು ಕಾಯುವ ಕೋಷ್ಟಕವೇ ಒಂದಾದಮೇಲೆ, ಒಂದು ಥ್ರೆಡ್ಡಿಗೆ ತೆರೆದ ಬಾಗಿಲು ಇನ್ನೊಂದಕ್ಕೂ ತೆರೆದೇ ಇರುತ್ತದೆ. ಅವಿಭಕ್ತ ಕುಟುಂಬದ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಗೊತ್ತುಮಾಡಿದ್ದರೂ ಯಾವ ಕೋಣೆಗೂ ಬೀಗವಿಲ್ಲದಂತೆ ಇದು.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು, ಥ್ರೆಡ್ ಸ್ವಲ್ಪ ಹೊತ್ತು ನಿಲ್ಲುವಂತೆ, `unistd.h` ಸೇರಿಸಿ, ಅದರೊಳಗೆ `sleep(60)` ಎಂದು ಬರೆದು, ಆ ಅವಧಿಯಲ್ಲಿ `/proc/PID/maps` ಎಂಬ ಕಡತವನ್ನು ಓದಬಹುದು. `PID` ಇರುವೆಡೆ ಪ್ರೊಸೆಸ್ಸಿನ ಸಂಖ್ಯೆಯನ್ನು ಬರೆಯಬೇಕು. ವಿಳಾಸಾವಕಾಶದ ಪ್ರದೇಶಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಮೊದಲ ಥ್ರೆಡ್ಡಿನ ಸ್ಟ್ಯಾಕ್ `[stack]` ಎಂಬ ಹೆಸರಿನಿಂದ ಗುರುತಾಗುತ್ತದೆ. ಎರಡನೆಯ ಥ್ರೆಡ್ಡಿನದು ಹೆಸರಿಲ್ಲದ, ಸಾಮಾನ್ಯವಾಗಿ 8 ಮೆಗಾಬೈಟ್ ಅಗಲದ ಪ್ರದೇಶ. ಅದರ ಕೆಳಗಡೆಗೆ ಯಾರೂ ಮುಟ್ಟಬಾರದ 4096 ಬೈಟುಗಳ ಕಾವಲುಪುಟವೊಂದು ಇರುತ್ತದೆ. ಈ ಎಂಟು ಮೆಗಾಬೈಟ್ ಕಾದಿರಿಸಿದ ವಿಳಾಸಗಳ ಲೆಕ್ಕವೇ ಹೊರತು ಬಳಕೆಯಾದ ಭೌತಿಕ ಸ್ಮೃತಿಯ ಲೆಕ್ಕವಲ್ಲ. ಕಾವಲುಪುಟವನ್ನು ಕಂಡ ವಿದ್ಯಾರ್ಥಿ ಅದು ಥ್ರೆಡ್‌ಗಳ ನಡುವಿನ ಗೋಡೆಯೆಂದು ಭಾವಿಸುವ ಸಂಭವವಿದೆ. ಅದು ಸ್ಟ್ಯಾಕ್ ಉಕ್ಕಿ ಪಕ್ಕದ ಪ್ರದೇಶಕ್ಕೆ ಹರಿಯದಂತೆ ಇಟ್ಟ ತಡೆ ಮಾತ್ರ. ಸ್ಟ್ಯಾಕಿನೊಳಗಿನ ಸ್ಥಾನಕ್ಕೆ ಪಾಯಿಂಟರ್ ಮೂಲಕ ನೇರವಾಗಿ ಬರುವವನನ್ನು ಅದು ತಡೆಯುವುದಿಲ್ಲ.

ಇದೇ ಕಡತದಲ್ಲಿ ಇನ್ನೊಂದು ಸಣ್ಣ ಬಲೆಯಿದೆ. ಸ್ಟ್ಯಾಕ್ ಪ್ರದೇಶದ ಎದುರಿಗೆ `rw-p` ಎಂದು ಬರೆದಿರುತ್ತದೆ; ಕೊನೆಯ ಅಕ್ಷರ ಖಾಸಗಿ ಎಂಬುದರ ಸಂಕೇತ. ಇದನ್ನು ತನ್ನ ವಾದಕ್ಕೆ ಸಾಕ್ಷಿಯೆಂದು ವಿದ್ಯಾರ್ಥಿ ಮುಂದಿಡಬಹುದು. ಆದರೆ ಹೀಪಿನ ಎದುರಿಗೂ ಗ್ಲೋಬಲ್ ಚರಗಳ ಪ್ರದೇಶದ ಎದುರಿಗೂ ಅದೇ `rw-p` ಇದೆಯಷ್ಟೆ. ಈ ಖಾಸಗಿತನ ಬೇರೆ ಪ್ರೊಸೆಸ್‌ಗಳಿಗೆ ಸಂಬಂಧಿಸಿದ್ದು: `fork` ಆದಾಗ ಈ ಪ್ರದೇಶದಲ್ಲಿ ಬರೆದದ್ದು ಮತ್ತೊಂದಕ್ಕೆ ಕಾಣಬಾರದೆಂದು ಅದರ ಅರ್ಥ. ಹಿಂದೆ ಹೇಳಿದ `MAP_SHARED` ಪ್ರದೇಶದ ಎದುರಿಗೆ `rw-s` ಎಂದಿರುವುದನ್ನು ಹೋಲಿಸಿ ನೋಡಿದರೆ ಸಂಶಯ ಉಳಿಯುವುದಿಲ್ಲ.

ಲೋಕಲ್ ಚರಗಳು ಸುರಕ್ಷಿತವೆಂಬ ನಂಬಿಕೆ ಅಂಕಪತ್ರಿಕೆಗೆ ಮಾತ್ರ ಸೀಮಿತವಾದ ತಪ್ಪಲ್ಲ. ಥ್ರೆಡ್‌ಗಳನ್ನು ಬಳಸಿ ಮೊದಲ ಬಾರಿಗೆ ಪ್ರೋಗ್ರಾಮು ಬರೆಯುವವರು ಬೀಳುವ ಗುಂಡಿಯೂ ಇದೇ. ನಾಲ್ಕು ಥ್ರೆಡ್‌ಗಳನ್ನು ಸೃಷ್ಟಿಸಿ, ಒಂದೊಂದಕ್ಕೂ ಅದರ ಕ್ರಮಸಂಖ್ಯೆಯನ್ನು ಕೊಡಬೇಕೆಂದು ಹೀಗೆ ಬರೆದಿದೆಯೆಂದುಕೊಳ್ಳೋಣ. `show` ಎಂಬ ಕಾರ್ಯ ತನಗೆ ಬಂದ ವಿಳಾಸದಲ್ಲಿರುವ ಸಂಖ್ಯೆಯನ್ನು ಮುದ್ರಿಸುತ್ತದೆ.

```c
int i, j;
pthread_t t[4];
for (i = 0; i < 4; i++)
    pthread_create(&t[i], NULL, show, &i);
for (j = 0; j < 4; j++)
    pthread_join(t[j], NULL);
```

ಬರೆದವನ ನಿರೀಕ್ಷೆ 0, 1, 2, 3 ಎಂಬ ಸಂಖ್ಯೆಗಳು, ಕ್ರಮ ಹೇಗಾದರೂ ಇರಲಿ. ಬರುವುದು ಕೆಲವೊಮ್ಮೆ 1, 2, 3, 4. ಕೆಲವೊಮ್ಮೆ 2, 2, 3, 4. ಕೆಲವೊಮ್ಮೆ ನಾಲ್ಕೂ 4. i ಎಂಬ ಚರ ಒಂದೇ, ಅದರ ಸ್ಥಾನ ಒಂದೇ. ನಾಲ್ಕು ಥ್ರೆಡ್‌ಗಳಿಗೂ ಆ ಒಂದೇ ವಿಳಾಸ ಹೋಗಿದೆ. ಥ್ರೆಡ್ ಸೃಷ್ಟಿಯಾದ ಕ್ಷಣವೂ ಅದು ಆ ವಿಳಾಸವನ್ನು ಓದುವ ಕ್ಷಣವೂ ಬೇರೆ ಬೇರೆ. ನಡುವೆ ಮೊದಲ ಥ್ರೆಡ್ i ಚರವನ್ನು ಎಷ್ಟು ಸಲ ಹೆಚ್ಚಿಸಿದೆಯೋ ಅಷ್ಟು ಮುಂದಿನ ಸಂಖ್ಯೆ ಕಾಣುತ್ತದೆ. ಸುತ್ತು ಮುಗಿದಾಗ i ಚರದ ಬೆಲೆ 4 ಆಗಿರುವುದರಿಂದ ತಡವಾಗಿ ಓದಿದವಕ್ಕೆ 4 ಸಿಗುತ್ತದೆ. ಸ್ಟ್ಯಾಕ್ ಮುಟ್ಟಲಾಗದ್ದೆಂದು ನಂಬಿದವನಿಗೆ ಈ ಫಲಿತ ವಿವರಿಸಲಾಗದ ವಿಚಿತ್ರವಾಗಿಯೇ ಉಳಿಯುತ್ತದೆ. ಅಂಥವರು ದೋಷವನ್ನು `printf` ಮೇಲೆ ಹೊರಿಸುವುದನ್ನು ನಾವು ಕಂಡಿದ್ದೇವೆ.

ಇದನ್ನು ಪತ್ತೆಹಚ್ಚಲು ಫಲಿತವನ್ನು ಮಾತ್ರ ನೆಚ್ಚಬಾರದು. ಯಾವುದಾದರೊಂದು ಓಟದಲ್ಲಿ 0, 1, 2, 3 ಎಂದು ಸರಿಯಾಗಿಯೇ ಬಂದುಬಿಡಬಹುದು. ಕಂಪೈಲ್ ಮಾಡುವಾಗ `-g -fsanitize=thread` ಎಂದು ಸೇರಿಸಿದರೆ ಥ್ರೆಡ್ ಸ್ಯಾನಿಟೈಸರ್ ಎಂಬ ತಪಾಸಣಾ ಸಾಧನ ಓಟದೊಂದಿಗೆ ಸೇರಿಕೊಳ್ಳುತ್ತದೆ. ಅದರ ವರದಿಯಲ್ಲಿ `data race` ಎಂಬ ಎಚ್ಚರಿಕೆಯ ಕೆಳಗೆ `Location is stack of main thread.` ಎಂಬ ಸಾಲು ಬರುತ್ತದೆ. ಒಂದು ಥ್ರೆಡ್ಡಿನ ಸ್ಟ್ಯಾಕನ್ನು ಇನ್ನೊಂದು ಮುಟ್ಟಿದೆಯೆಂದು ಯಂತ್ರವೇ ಕೊಟ್ಟ ಹೇಳಿಕೆಯಿದು. ಐದನೆಯ ವಾಕ್ಯಕ್ಕೆ ಇದಕ್ಕಿಂತ ನೇರವಾದ ಖಂಡನೆ ಬೇಕಿಲ್ಲ.

ತಿದ್ದುಪಡಿಯೂ ವಿಷಯವನ್ನು ತಿಳಿಗೊಳಿಸುತ್ತದೆ. main ಒಳಗೆ `int id[4];` ಎಂದು ಇಟ್ಟು, `id[i] = i` ಎಂದು ತುಂಬಿ, `&id[i]` ಎಂಬ ವಿಳಾಸವನ್ನು ಕೊಟ್ಟರೆ ನಾಲ್ಕು ಸಂಖ್ಯೆಗಳೂ ಸರಿಯಾಗಿ ಬರುತ್ತವೆ. ಗಮನಿಸಬೇಕು: `id` ಕೂಡ ಮೊದಲ ಥ್ರೆಡ್ಡಿನ ಸ್ಟ್ಯಾಕಿನ ಮೇಲೇ ಇದೆ; ಉಳಿದ ಥ್ರೆಡ್‌ಗಳು ಅದನ್ನು ಈಗಲೂ ಮುಟ್ಟುತ್ತಿವೆ. ಇನ್ನೊಬ್ಬರ ಸ್ಟ್ಯಾಕನ್ನು ಮುಟ್ಟಿದ್ದೇ ದೋಷವಾಗಿರಲಿಲ್ಲ. ಒಬ್ಬರು ಓದುವಾಗ ಇನ್ನೊಬ್ಬರು ಅದೇ ಸ್ಥಾನದಲ್ಲಿ ಬರೆಯುತ್ತಿದ್ದುದು ದೋಷವಾಗಿತ್ತು. ತಿದ್ದಿದ ರೂಪ ನಿಂತಿರುವುದಕ್ಕೆ ಎರಡನೆಯ ಕಾರಣವೂ ಇದೆ: ಎಲ್ಲ ಥ್ರೆಡ್‌ಗಳೂ ಮುಗಿಯುವವರೆಗೆ main ಕಾಯುತ್ತದೆ. ಇದೇ ಕೆಲಸವನ್ನು ಬೇರೊಂದು ಕಾರ್ಯದೊಳಗೆ ಬರೆದು, ಆ ಕಾರ್ಯ ಥ್ರೆಡ್‌ಗಳಿಗಾಗಿ ಕಾಯದೆ ಹಿಂದಿರುಗಿದರೆ, `id` ಇದ್ದ ಜಾಗವನ್ನು ಮುಂದಿನ ಕಾರ್ಯಕರೆ ತನ್ನ ಚರಗಳಿಗೆ ಬಳಸಿಕೊಳ್ಳುತ್ತದೆ. ಆಗ ಥ್ರೆಡ್ ಓದುವುದು ಯಾರದೋ ಹೆಸರಿನ ಹಾಳುಸಂಖ್ಯೆಯನ್ನು.

ಇಷ್ಟಾದರೂ ಐದನೆಯ ವಾಕ್ಯವನ್ನು ಕಣ್ಣುಮುಚ್ಚಿ ಕೆಂಪುಶಾಯಿಯಲ್ಲಿ ಹೊಡೆಯುವ ಮೊದಲು ವಿದ್ಯಾರ್ಥಿ ಅದನ್ನು ಎಲ್ಲಿಂದ ಕಲಿತನೆಂದು ಕೇಳುವುದು ನ್ಯಾಯ. ಜಾವಾ ಭಾಷೆಯಲ್ಲಿ ಲೋಕಲ್ ಚರದ ವಿಳಾಸವನ್ನು ತೆಗೆದುಕೊಳ್ಳುವ ಉಪಾಯವೇ ಇಲ್ಲ. ಆ ಭಾಷೆಯ ಅಧಿಕೃತ ವಿವರಣೆಯೂ ಲೋಕಲ್ ಚರಗಳು ಥ್ರೆಡ್‌ಗಳ ನಡುವೆ ಎಂದೂ ಹಂಚಿಕೆಯಾಗುವುದಿಲ್ಲವೆಂದೇ ಹೇಳುತ್ತದೆ. ಜಾವಾ ಮಾತ್ರ ಬಲ್ಲವನ ಬಾಯಲ್ಲಿ ಐದನೆಯ ವಾಕ್ಯದ ಕೊನೆಯ ಭಾಗ ಸರಿಯೇ ಆಗುತ್ತದೆ, ಆದರೆ ಕಾರಣ ತಪ್ಪು: ಅಲ್ಲಿ ಕಾಯುತ್ತಿರುವುದು ಸ್ಟ್ಯಾಕ್ ಅಲ್ಲ, ಭಾಷೆಯ ನಿಯಮ. ಆ ಚರವು ಸೂಚಿಸುವ ವಸ್ತು ಹೀಪಿನಲ್ಲಿದ್ದರೆ ಅದು ಅಲ್ಲಿಯೂ ಎಲ್ಲರ ಸ್ವತ್ತೇ. ಸಿ ಭಾಷೆಯ 2011ರ ಮಾನಕ ನಡುವಿನ ನಿಲುವು ತಳೆದಿದೆ. ಒಂದು ಥ್ರೆಡ್ಡಿನ ಲೋಕಲ್ ಚರವನ್ನು ಇನ್ನೊಂದು ಪಾಯಿಂಟರ್ ಮೂಲಕ ಮುಟ್ಟಿದರೆ ಏನಾಗಬೇಕೆಂಬುದನ್ನು ಅದು ಆಯಾ ಅಳವಡಿಕೆಗೆ ಬಿಟ್ಟಿದೆ. ಲಿನಕ್ಸಿನಲ್ಲಿ ಮುಟ್ಟಬಹುದು, ನಾವು ನೋಡಿದಂತೆ.

ಹೀಗೆ ಪರಿಶೀಲಿಸಿದ ಮೇಲೆ ಉತ್ತರದ ತಿದ್ದಿದ ರೂಪ ಹೀಗಾಗಬಹುದು: “ಪ್ರೊಸೆಸ್ ಎಂಬುದು ಪ್ರೋಗ್ರಾಮಿನ ಒಂದು ಓಟಕ್ಕಾಗಿ ಏರ್ಪಟ್ಟ ಆವರಣ; ತನ್ನದೇ ಪುಟಕೋಷ್ಟಕದ ಮೂಲಕ ಅದು ಸ್ಮೃತಿಯನ್ನು ಕಾಣುತ್ತದೆ. ಥ್ರೆಡ್ ಎಂಬುದು ಆ ಆವರಣದಲ್ಲಿ ಆದೇಶಗಳನ್ನು ನಡೆಸುವ ಸರಣಿ. ಪ್ರತಿ ಪ್ರೊಸೆಸ್ಸಿನಲ್ಲಿ ಕನಿಷ್ಠ ಒಂದು ಇರುತ್ತದೆ. ಎರಡು ಪ್ರೊಸೆಸ್‌ಗಳು ಕೇಳಿಕೊಳ್ಳದ ಹೊರತು ಒಂದರ ಬರಹ ಇನ್ನೊಂದಕ್ಕೆ ಕಾಣುವುದಿಲ್ಲ. ಒಂದೇ ಪ್ರೊಸೆಸ್ಸಿನ ಥ್ರೆಡ್‌ಗಳಿಗೆ ಇಡೀ ವಿಳಾಸಾವಕಾಶ ಸಮಾನ. ರಿಜಿಸ್ಟರುಗಳು ಮಾತ್ರ ಅವುಗಳ ಸ್ವಂತ. ಸ್ಟ್ಯಾಕ್‌ಗಳು ಬೇರೆ ಬೇರೆಯಾದರೂ ಒಂದರದು ಇನ್ನೊಂದಕ್ಕೆ ಎಟುಕುತ್ತದೆ.” ಮೂಲ ಉತ್ತರಕ್ಕಿಂತ ಇದು ತೀರ ಉದ್ದವಾಗಿಲ್ಲ.

ಈ ರೂಪವನ್ನೂ ಬಾಯಿಪಾಠ ಮಾಡಿ ಒಪ್ಪಿಸಬಹುದು. ಆದ್ದರಿಂದ ಪರೀಕ್ಷಕನ ಕೈಯಲ್ಲಿ ಎರಡೂ ಪರಿಕಲ್ಪನೆಗಳನ್ನು ಒಟ್ಟಿಗೆ ಕೇಳುವ ಇನ್ನೊಂದು ಪ್ರಶ್ನೆ ಇರಬೇಕು. ಮೂರು ಥ್ರೆಡ್‌ಗಳಿರುವ ಪ್ರೊಸೆಸ್ಸಿನಲ್ಲಿ ಒಂದು ಥ್ರೆಡ್ `fork` ಕರೆದರೆ ಮರಿಯಲ್ಲಿ ಎಷ್ಟು ಥ್ರೆಡ್‌ಗಳಿರುತ್ತವೆ? ಉಳಿದ ಎರಡರ ಸ್ಟ್ಯಾಕ್‌ಗಳು ಏನಾಗುತ್ತವೆ? ಥ್ರೆಡ್ಡನ್ನು ಪ್ರೊಸೆಸ್ಸಿನ ತುಣುಕೆಂದು ತಿಳಿದವನು ಮೂರು ಎನ್ನುತ್ತಾನೆ. ಸರಿಯಾದ ಉತ್ತರ ಒಂದು. ಪೋಸಿಕ್ಸ್ ಮಾನಕದ ಪ್ರಕಾರ ಕರೆ ಮಾಡಿದ ಥ್ರೆಡ್ ಮಾತ್ರ ಮರಿಯಲ್ಲಿ ಮುಂದುವರಿಯುತ್ತದೆ. ಆದರೆ ವಿಳಾಸಾವಕಾಶ ಇಡಿಯಾಗಿ ಪ್ರತಿಯಾಗುವುದರಿಂದ ಉಳಿದ ಎರಡು ಥ್ರೆಡ್‌ಗಳ ಸ್ಟ್ಯಾಕ್‌ಗಳು ಮರಿಯ ಸ್ಮೃತಿಯಲ್ಲಿ ಹಾಗೆಯೇ ಬಿದ್ದಿರುತ್ತವೆ, ನಡೆಸುವವರಿಲ್ಲದೆ. ಅವುಗಳಲ್ಲೊಂದು ಥ್ರೆಡ್ ಆ ಕ್ಷಣದಲ್ಲಿ ಒಂದು ಮ್ಯೂಟೆಕ್ಸ್ ಬೀಗವನ್ನು ಹಿಡಿದಿದ್ದರೆ, ಬೀಗ ಹಾಕಿದೆ ಎಂಬ ಗುರುತೂ ಸ್ಮೃತಿಯ ಭಾಗವಾಗಿ ಮರಿಗೆ ಬರುತ್ತದೆ. ತೆರೆಯಬೇಕಾದ ಥ್ರೆಡ್ ಬರುವುದಿಲ್ಲ. ಮರಿ ಆ ಬೀಗಕ್ಕಾಗಿ ಕಾಯತೊಡಗಿದರೆ ಅದು ಎಂದೂ ಮುಗಿಯದ ಕಾಯುವಿಕೆ. ಅನೇಕ ಥ್ರೆಡ್‌ಗಳಿರುವ ಪ್ರೊಸೆಸ್ಸಿನಿಂದ ಹುಟ್ಟಿದ ಮರಿ `exec` ಕರೆಯುವವರೆಗೆ ಕೆಲವೇ ಸುರಕ್ಷಿತ ಕರೆಗಳನ್ನು ಬಳಸಬೇಕೆಂದು ಮಾನಕ ವಿಧಿಸಿರುವುದು ಇದೇ ಕಾರಣಕ್ಕೆ.